ಪ್ಯಾಕೆಟ್ ಮೇಲಿನ ‘ಗ್ರೌಂಡ್‌ನಟ್’ ಅಜ್ಜಿಗೆ ‘ಶೇಂಗಾ’ ಅಂತ ಗೊತ್ತಾಗಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೊಸನಗರದಿಂದ ಒಳಗೆ ಹೋದರೆ ಸಿಗುವ ಒಂದು ಒಂಟಿ ಮನೆ ಅಂತ ಇಟ್ಕೊಳ್ಳಿ. ಎಂಟು ವರ್ಷದ ಹುಡುಗಿ, ಅವಳಿಗೆ ಶೇಂಗಾ ಅಲರ್ಜಿ. ತುರಿಕೆ ಬಂದು ಹೋಗುವಂಥದ್ದಲ್ಲ, ಉಸಿರು ಕಟ್ಟುವಂಥದ್ದು. ಅಪ್ಪ ಅಮ್ಮ ಇಬ್ಬರಿಗೂ ಇಂಗ್ಲಿಷ್ ಓದೋಕೆ ಬರುತ್ತೆ. ಆದರೆ ಶಾಲೆಯಿಂದ ಬಂದ ಮಗುವಿಗೆ ಸಂಜೆ ತಿಂಡಿ ಕೊಡೋದು ಅಜ್ಜಿ. ಅಜ್ಜಿ ಓದೋದು ಕನ್ನಡ ಮಾತ್ರ.

ಪ್ಯಾಕೆಟ್ ಮೇಲೆ ಏನಿರುತ್ತೆ? ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ಹಾಗಾಗಿ ಅಜ್ಜಿಗೆ ಬೇಕಾದ ಅನುವಾದ ಮನೆಯಲ್ಲೇ ಆಗಬೇಕು. ಅದು ಎಲ್ಲೆಲ್ಲಿ ತಪ್ಪುತ್ತೆ ಅನ್ನೋದೇ ಇವತ್ತಿನ ವಿಷಯ.

ಒಂದು ಮಿಕ್ಸ್ಚರ್ ಪ್ಯಾಕೆಟ್ ತಗೊಳ್ಳೋಣ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಹೀಗಿದೆ ಅಂದುಕೊಳ್ಳಿ: ಗ್ರಾಮ್ ಫ್ಲೋರ್, ಪಾಮೋಲಿನ್ ಆಯಿಲ್, ಬೀಟನ್ ರೈಸ್, ರೋಸ್ಟೆಡ್ ಗ್ರಾಮ್, ಗ್ರೌಂಡ್‌ನಟ್, ಸಾಲ್ಟ್, ಸ್ಪೈಸಸ್. ಈ ಪಟ್ಟಿ ತೂಕದ ಲೆಕ್ಕದಲ್ಲಿ ಇರುತ್ತೆ. ಹೆಚ್ಚು ಇರೋದು ಮೊದಲು, ಕಡಿಮೆ ಇರೋದು ಕೊನೆಗೆ. ಅಲರ್ಜಿ ಇರುವವರಿಗೆ ಈ ಕ್ರಮದಿಂದ ಸಮಾಧಾನ ಇಲ್ಲ. ಕೊನೆಯಲ್ಲಿ ಬಂದ ಪದಾರ್ಥವೂ ಸಾಕಾಗಬಹುದು. ಆದ್ದರಿಂದ ಪೂರ್ತಿ ಓದಲೇಬೇಕು.

ಈಗ ಅಪ್ಪ ಕೂತು ಕನ್ನಡಕ್ಕೆ ಬರೀತಾರೆ: ಕಡಲೆ ಹಿಟ್ಟು, ತಾಳೆ ಎಣ್ಣೆ, ಅವಲಕ್ಕಿ, ಹುರಿಗಡಲೆ, ಕಡಲೆಬೀಜ, ಉಪ್ಪು, ಮಸಾಲೆ. ನಿಘಂಟು ತೆಗೆದು ನೋಡಿದರೆ ಒಂದು ಪದವೂ ತಪ್ಪಿಲ್ಲ. ಆದರೆ ಅಜ್ಜಿ ಕಣ್ಣಿಗೆ ಬೀಳೋದು ಮೂರು ‘ಕಡಲೆ’. ಮಗು ಕಡಲೆಬೇಳೆ ಹೋಳಿಗೆ ತಿನ್ನುತ್ತೆ, ಹುರಿಗಡಲೆ ಚಟ್ನಿ ತಿನ್ನುತ್ತೆ, ಏನೂ ಆಗಲ್ಲ. ಅದು ಪರವಾಗಿಲ್ಲ ಅಂತ ಡಾಕ್ಟರೂ ಹೇಳಿದ್ದಾರೆ. ಹಾಗಿದ್ದ ಮೇಲೆ ಈ ಮೂರನೇ ಕಡಲೆಯಿಂದ ಏನಾದೀತು ಅಂತ ಅವರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಒಂದೇ ಬೀಜಕ್ಕೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಸಾಗರದ ಕಡೆ ಶೇಂಗಾ, ಬೆಂಗಳೂರಿನ ಕಡೆ ಕಡಲೆಕಾಯಿ, ಆಗುಂಬೆ ಘಾಟಿ ಇಳಿದರೆ ನೆಲಗಡಲೆ. ಇಂಗ್ಲಿಷ್‌ನಲ್ಲೂ ಪೀನಟ್, ಗ್ರೌಂಡ್‌ನಟ್ ಅಂತ ಎರಡಿವೆ. ಹಾಗಾಗಿ ಮೊದಲ ನಿಯಮ ಇದು: ತಿನ್ನಿಸುವವರ ಬಾಯಲ್ಲಿ ಯಾವ ಪದ ಇದೆಯೋ ಅದನ್ನೇ ಬರೀಬೇಕು. ಈ ಮನೆಯಲ್ಲಿ ಅದು ‘ಶೇಂಗಾ’. ಪ್ಯಾಕೆಟ್ ಮೇಲೆ ಏನೇ ಹೆಸರಿರಲಿ, ಚೀಟಿಯಲ್ಲಿ ಪ್ರತಿ ಸಲ ಅದೊಂದೇ ಪದ.

ಹಿಂದಿ ಬದಿ ಓದುವವರಿಗೂ ಒಂದು ಹಳ್ಳ ಇದೆ. ಹಿಂದಿಯಲ್ಲಿ ‘ಮೂಂಗ್’ ಅಂದರೆ ಹೆಸರುಕಾಳು, ‘ಮೂಂಗ್‌ಫಲಿ’ ಅಂದರೆ ಶೇಂಗಾ. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಅವಸರಕ್ಕೆ ಓದಿ, ಮೊದಲರ್ಧ ನೋಡಿ ‘ಹೆಸರುಕಾಳು’ ಅಂತ ಬರೆದುಬಿಟ್ಟರೆ ಚೀಟಿ ಪೂರಾ ಉಲ್ಟಾ ಆಯ್ತು.

ಇನ್ನು ‘ನಟ್’ ಅನ್ನೋ ಪದ. ಅಡಿಕೆ ಸೀಮೆಯವರಿಗೆ ಅದು ಕೇಳಿದ ಕೂಡಲೇ ಅಡಿಕೆ ನೆನಪಾಗುತ್ತೆ. ಲೇಬಲ್ ಮೇಲೆ ‘ಟ್ರೀ ನಟ್ಸ್’ ಅಂತ ಇರುತ್ತಲ್ಲ, ಅದನ್ನು ‘ಮರದ ಬೀಜ’ ಅಂತ ಬರೆದರೆ ಯಾರಿಗೂ ಅರ್ಥ ಆಗಲ್ಲ. ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟು ಅಂತ ಹೆಸರು ಹಿಡಿದೇ ಬರೀಬೇಕು. ಶೇಂಗಾ ಈ ಗುಂಪಿನದ್ದಲ್ಲ, ಅದು ಬೇಳೆಕಾಳಿನ ಜಾತಿ. ಆದರೆ ಬರೀ ‘ನಟ್ಸ್’ ಅಂತ ಇದ್ದರೆ ಶೇಂಗಾ ಸೇರಿದೆ ಅಂತಲೇ ತಿಳಿಯೋದು ಒಳ್ಳೇದು.

ಪದಾರ್ಥಗಳ ಪಟ್ಟಿ ಮುಗಿದ ಮೇಲೆ ಅಲರ್ಜಿಯ ಸಾಲು ಬರುತ್ತೆ. ಅದರಲ್ಲಿ ಎರಡು ಬಗೆ. ‘ಕಂಟೇನ್ಸ್’ ಅಂದರೆ ಇದೆ, ಖಂಡಿತ ಇದೆ. ‘ಮೇ ಕಂಟೇನ್’ ಅಂದರೆ ಬೇಕಂತ ಹಾಕಿಲ್ಲ, ಆದರೆ ಅದೇ ಯಂತ್ರದಲ್ಲೋ ಅದೇ ಕೋಣೆಯಲ್ಲೋ ಶೇಂಗಾದ ತಿಂಡಿಯೂ ತಯಾರಾಗುತ್ತೆ, ಅದರ ಪುಡಿ ಇದಕ್ಕೆ ಸೇರಿರುವ ಅಪಾಯ ಇದೆ. ಇದನ್ನು ‘ಶೇಂಗಾ ಇರಬಹುದು’ ಅಂತ ಬರೆದರೆ ಕನ್ನಡದಲ್ಲಿ ಅದು ಊಹೆ ಥರ ಕೇಳಿಸುತ್ತೆ. ‘ಮಳೆ ಬರಬಹುದು’ ಅಂದ ಹಾಗೆ. ‘ಟ್ರೇಸಸ್’ ಅನ್ನೋದನ್ನು ‘ಅತ್ಯಲ್ಪ’ ಅಂತ ಮಾಡಿದರೆ ಇನ್ನೂ ಹಗುರ ಆಯ್ತು. ಎಷ್ಟಿದೆ ಅಂತ ಆ ಸಾಲು ಹೇಳೋದೇ ಇಲ್ಲ. ಒಂದು ಪ್ಯಾಕೆಟ್‌ನಲ್ಲಿ ಇಲ್ಲದೇ ಇರಬಹುದು, ಮುಂದಿನದರಲ್ಲಿ ಒಂದು ಚೂರೇ ಸಿಗಬಹುದು. ಆದ್ದರಿಂದ ಅಜ್ಜಿಯ ಚೀಟಿಯಲ್ಲಿ ಬರೆಯಬೇಕಾದ್ದು: ‘ಶೇಂಗಾ ತಾಗಿರುವ ಅಪಾಯ ಇದೆ. ಕೊಡಬೇಡಿ.’

ಅಲರ್ಜಿ ಶೇಂಗಾದ್ದಲ್ಲ, ಎಳ್ಳಿನದು ಅಂತಾದರೆ? ಆಗ ಈ ಸಾಲನ್ನು ನಂಬಿ ಕೂರೋ ಹಾಗಿಲ್ಲ. 2020ರ ನಿಯಮದ ಪಟ್ಟಿಯಲ್ಲಿ ಗೋಧಿಯಂಥ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ-ಬಾದಾಮಿ ಗುಂಪು, ಸೋಯಾ, ಸಲ್ಫೈಟ್ ಇವೆ. ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಸೇರಿಸಿದ್ದಾರೆ. ಇಲ್ಲಿ ಮಾತ್ರ ಪದಾರ್ಥಗಳ ಪಟ್ಟಿಯಲ್ಲೇ ಹುಡುಕಬೇಕು. ಅಲ್ಲೂ ಒಂದು ಮಿತಿ ಇದೆ: ಹಲವು ಸಾಮಾನು ಸೇರಿಸಿ ಮಾಡಿದ ಮಿಶ್ರಣವೊಂದು ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ, ಅದರೊಳಗೆ ಏನೇನಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಪ್ಯಾಕೆಟ್ ಇದ್ದರೆ ಅದರ ಮೇಲಿರುವ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ ಕೇಳಬೇಕು. ಉತ್ತರ ಸಿಗುವವರೆಗೆ ಚೀಟಿಯಲ್ಲಿ ‘ಕೊಡಬೇಡಿ’ ಅಂತಲೇ ಇರಲಿ.

ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಪೇಟೆಯ ಬೇಕರಿಯಿಂದ ತೂಕಕ್ಕೆ ಕಟ್ಟಿಸಿಕೊಂಡು ಬಂದ ಖಾರದ ಪೊಟ್ಟಣಕ್ಕೆ ಲೇಬಲ್ಲೇ ಇಲ್ಲ. ಅಲ್ಲಿ ‘ಇದರಲ್ಲಿ ಶೇಂಗಾ ಇದೆಯಾ?’ ಅಂತ ಕೇಳಿದರೆ ‘ಇಲ್ಲ’ ಅಂತಾರೆ, ಅದು ಸತ್ಯವೂ ಇರುತ್ತೆ. ಕೇಳಬೇಕಾದ್ದು ಬೇರೆ: ‘ಇದೇ ಎಣ್ಣೆಯಲ್ಲಿ ಶೇಂಗಾ ಕರೀತೀರಾ? ಶೇಂಗಾ ಹಾಕಿದ ಮಿಕ್ಸ್ಚರ್‌ಗೂ ಇದಕ್ಕೂ ಒಂದೇ ಸೌಟಾ?’ ಹೌದು ಅಂದರೆ ಅದೂ ‘ತಾಗಿರುವ ಅಪಾಯ’ದ ಲೆಕ್ಕಕ್ಕೇ ಸೇರುತ್ತೆ.

ಚೀಟಿ ಹೇಗಿರಬೇಕು? ಡಬ್ಬಕ್ಕೆ ಸುರಿಯಬೇಡಿ, ಪ್ಯಾಕೆಟ್‌ನಲ್ಲೇ ಇಡಿ, ಅದರ ಮೇಲೇ ಅಂಟಿಸಿ. ಮೊದಲ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ‘ಕೊಡಬಹುದು’ ಅಥವಾ ‘ಕೊಡಬೇಡಿ’. ಅದರ ಕೆಳಗೆ ಕಾರಣ, ಓದಿದವರ ಹೆಸರು, ತಾರೀಖು. ಚೀಟಿ ಇಲ್ಲದ್ದು ಮಗುವಿಗಿಲ್ಲ. ಅದೇ ತಿಂಡಿ ಮತ್ತೆ ತಂದಾಗ ಹಳೇ ಚೀಟಿ ಕಿತ್ತು ಅಂಟಿಸಬೇಡಿ, ಹೊಸದಾಗಿ ಓದಿ. ಕಂಪನಿಯವರು ಮಾಡುವ ವಿಧಾನ ಬದಲಿಸಿದರೂ ಹೊದಿಕೆ ಹಾಗೇ ಕಾಣಬಹುದು.

ಅನುವಾದ ಸರಿಯಾಯ್ತಾ ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ತಟ್ಟೆಯಲ್ಲಿ ಕಡಲೆಬೇಳೆ, ಹುರಿಗಡಲೆ, ಹೆಸರುಕಾಳು, ಶೇಂಗಾ ಬೇರೆ ಬೇರೆ ಇಡಿ. ಅಜ್ಜಿಗೆ ಚೀಟಿ ಕೊಟ್ಟು ‘ಇದರಲ್ಲಿ ಮಗುವಿಗೆ ಆಗದೇ ಇರೋದು ಯಾವ್ದು, ತೋರ್ಸಿ’ ಅನ್ನಿ. ಬೆರಳು ಅನುಮಾನ ಪಟ್ಟರೆ ಚೀಟಿಯ ಪದ ಬದಲಿಸಿ. ಆಮೇಲೆ ತಟ್ಟೆ, ಕೈ ಎರಡನ್ನೂ ಸೋಪು ಹಾಕಿ ತೊಳೀರಿ.

ಚೀಟಿ ಎಷ್ಟೇ ಸರಿ ಇದ್ದರೂ ಒಂದು ದಿನ ತಪ್ಪಬಹುದು. ಈ ಮೂರೂ ತಾಲ್ಲೂಕುಗಳಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆ ಸುಮಾರು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ. ಹಾಗಾಗಿ ಇನ್ನೊಂದು ಹಾಳೆ ಕನ್ನಡದಲ್ಲಿ ಗೋಡೆ ಮೇಲೆ ಇರಲಿ: ತಿಂದ ಮೇಲೆ ಉಸಿರಾಟಕ್ಕೆ ಕಷ್ಟ, ಗಂಟಲು ಬಿಗಿತ, ದನಿ ಒಡೆಯೋದು, ತಲೆಸುತ್ತು ಕಂಡರೆ ಡಾಕ್ಟರು ಕೊಟ್ಟಿರುವ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಯ ಹೊರಬದಿಗೆ ಕೂಡಲೇ ಕೊಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಚುಚ್ಚುಮದ್ದು ಇಲ್ಲದಿದ್ದರೆ ಅದು ಸಿಗುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿ, ಹೆಸರು ಬರೆದಿಡಿ. ಅಲರ್ಜಿ ಮಾತ್ರೆ ನುಂಗಿಸಿ ಕಾಯ್ತಾ ಕೂರೋ ಕಾಯಿಲೆ ಇದಲ್ಲ.

ಇವತ್ತಿಗೆ ಇಷ್ಟು. ನಿಮ್ಮನೆಯಲ್ಲಿ ಅದಕ್ಕೆ ಏನಂತಾರೆ, ಶೇಂಗಾನಾ, ಕಡಲೆಕಾಯಿನಾ, ನೆಲಗಡಲೆನಾ? ಮೊದಲ ಚೀಟಿ ಬರೆಯೋಕೆ ಮುಂಚೆ ಅಜ್ಜಿಯನ್ನೇ ಕೇಳಿ. ನಮಸ್ಕಾರ.