ಆಮೆಯನ್ನು ಹಿಡಿಯಲು ಎಷ್ಟು ಹೊತ್ತು ಬೇಕು?

ಗ್ರೀಕರ ವೀರಗಾಥೆಗಳಲ್ಲಿ ಅಕಿಲಿಸ್‌ನ ಕಾಲಿನ ವೇಗವೇ ಅವನ ಬಿರುದು. ಅಂಥವನನ್ನು ಒಂದು ಆಮೆ ಓಟದ ಪಂದ್ಯಕ್ಕೆ ಕರೆಯಿತು. ಅದು ಕೇಳಿದ್ದು ಒಂದೇ ರಿಯಾಯಿತಿ: ತಾನು ನೂರು ಮೀಟರ್ ಮುಂದಿನಿಂದ ಹೊರಡಬೇಕು. ಅಕಿಲಿಸ್ ನಕ್ಕು ಒಪ್ಪಿಕೊಂಡ.

“ನಾನು ಈಗಿರುವ ಜಾಗಕ್ಕೆ ನೀನು ಬರುವಷ್ಟರಲ್ಲಿ ನಾನು ಸ್ವಲ್ಪವಾದರೂ ಮುಂದೆ ಹೋಗಿರುತ್ತೇನೆ, ಅಲ್ಲವೇ?” ಎಂದಿತು ಆಮೆ.

“ಹೌದು.”

“ಆ ಹೊಸ ಜಾಗಕ್ಕೆ ನೀನು ಬಂದಾಗ?”

“ಇನ್ನೂ ಒಂದಿಷ್ಟು ಮುಂದೆ.”

“ಅಲ್ಲಿಗೆ ಬಂದಾಗಲೂ ಹಾಗೇ. ಹೀಗೆ ಮುಗಿಯದಷ್ಟು ಸಲ ಬರಬೇಕು. ಹಾಗಾದರೆ ನನ್ನನ್ನು ಹಿಡಿಯುವುದು ಯಾವಾಗ?”

ಅಕಿಲಿಸ್ ಓಡುವುದನ್ನು ಬಿಟ್ಟು ಯೋಚಿಸುತ್ತ ಕುಳಿತ.

ಈ ವಾದವನ್ನು ಹೂಡಿದವನು ಕ್ರಿ.ಪೂ. 5ನೇ ಶತಮಾನದಲ್ಲಿ ದಕ್ಷಿಣ ಇಟಲಿಯ ಎಲಿಯಾ ಎಂಬ ಗ್ರೀಕ್ ಊರಿನಲ್ಲಿದ್ದ ಝೀನೊ. ಚಲನೆ ಎಂಬುದೇ ಭ್ರಮೆ ಎಂದ ಗುರು ಪಾರ್ಮೆನಿಡೀಸ್‌ನ ಪರವಾಗಿ ಅವನು ವಾದಕ್ಕೆ ನಿಂತಿದ್ದ. ಅವನ ಪುಸ್ತಕ ಉಳಿದಿಲ್ಲ. ವಾದ ನಮಗೆ ತಲುಪಿರುವುದು ಮುಖ್ಯವಾಗಿ ಅರಿಸ್ಟಾಟಲ್‌ನ ಬರಹದಿಂದ. ತಮಾಷೆಯೆಂದರೆ ಅರಿಸ್ಟಾಟಲ್ ಆಮೆಯ ಹೆಸರನ್ನೇ ಎತ್ತುವುದಿಲ್ಲ, ‘ಅತಿ ನಿಧಾನದ್ದು’ ಎಂದಷ್ಟೇ ಹೇಳುತ್ತಾನೆ. ಆಮೆ ಕಾಣಿಸಿಕೊಳ್ಳುವುದು ನಂತರದ ವ್ಯಾಖ್ಯಾನಕಾರರಲ್ಲಿ.

ಓಡಿ ತೋರಿಸಿದರೆ ಆಯಿತಲ್ಲ ಎನ್ನಬಹುದು. ಅಕಿಲಿಸ್ ಆಮೆಯನ್ನು ಹಿಡಿಯುತ್ತಾನೆ ಎಂಬುದು ಝೀನೊಗೂ ಗೊತ್ತಿತ್ತು. ಹಿಡಿಯಲಾರ ಎಂದು ತೋರಿಸುವ ವಾದದಲ್ಲಿ ತಪ್ಪು ಎಲ್ಲಿದೆ ಎಂಬುದೇ ಪ್ರಶ್ನೆ. ಅದಕ್ಕೆ ಲೆಕ್ಕ ಹಾಕಿಯೇ ನೋಡಬೇಕು.

ಅಕಿಲಿಸ್‌ನ ವೇಗ ಸೆಕೆಂಡಿಗೆ 10 ಮೀಟರ್, ಆಮೆಯದು 1 ಮೀಟರ್ ಎಂದುಕೊಳ್ಳೋಣ. (ಸೆಕೆಂಡಿಗೆ ಮೀಟರ್ ಓಡುವ ಆಮೆ ಎಲ್ಲೂ ಇಲ್ಲ, ಲೆಕ್ಕ ಸುಲಭವಾಗಲಿ ಎಂದು ಅದಕ್ಕಿಷ್ಟು ಚುರುಕು ಕೊಟ್ಟಿದ್ದೇನೆ.) ಮೊದಲ ಹಂತದ ನೂರು ಮೀಟರಿಗೆ ಅಕಿಲಿಸ್‌ಗೆ 10 ಸೆಕೆಂಡ್ ಬೇಕು. ಅಷ್ಟರಲ್ಲಿ ಆಮೆ 10 ಮೀಟರ್ ಸಾಗಿರುತ್ತದೆ. ಆ 10 ಮೀಟರಿಗೆ 1 ಸೆಕೆಂಡ್. ಆಮೆ ಈಗ 1 ಮೀಟರ್ ಮುಂದೆ, ಅದಕ್ಕೆ 0.1 ಸೆಕೆಂಡ್. ಮುಂದಿನದಕ್ಕೆ 0.01. ಹಂತಗಳು ಮುಗಿಯುವುದಿಲ್ಲ, ಆದರೆ ಪ್ರತಿ ಹಂತವೂ ಹಿಂದಿನದರ ಹತ್ತನೇ ಒಂದು ಭಾಗ.

ಕೂಡುತ್ತ ಹೋದರೆ 10, 11, 11.1, 11.11 ಹೀಗೆ ಬೆಳೆಯುತ್ತದೆ. ಬೆಳೆಯುವುದು ನಿಲ್ಲುವುದಿಲ್ಲ, ಹಾಗೆಂದು 12ನ್ನು ಮುಟ್ಟುವುದೂ ಇಲ್ಲ. 12ನೇ ಸೆಕೆಂಡಿನಲ್ಲಿ ಯಾರು ಎಲ್ಲಿದ್ದಾರೆ? ಅಕಿಲಿಸ್ 120 ಮೀಟರಿನಲ್ಲಿ, ಆಮೆ 112ರಲ್ಲಿ. ಆಗಲೇ ಹಿಂದೆ ಹಾಕಿದ್ದಾಗಿದೆ.

ಝೀನೊನ ಕೈಚಳಕ ಇರುವುದು ಇಲ್ಲೇ. ‘ಈ ಹಂತಗಳ ಪಟ್ಟಿಯಲ್ಲಿ ಎಲ್ಲೂ ಹಿಡಿಯುವುದಿಲ್ಲ’ ಎಂಬುದು ನಿಜ. ಅದರಿಂದ ‘ಎಂದಿಗೂ ಹಿಡಿಯುವುದಿಲ್ಲ’ ಎಂದು ಹೇಳಬೇಕಾದರೆ ಆ ಪಟ್ಟಿ ಎಲ್ಲ ಕಾಲವನ್ನೂ ಆವರಿಸಿರಬೇಕು. ಅದು ಆವರಿಸುವುದು ಹನ್ನೊಂದು ಚಿಲ್ಲರೆ ಸೆಕೆಂಡುಗಳನ್ನು ಮಾತ್ರ.

ಆ ಚಿಲ್ಲರೆ ಎಷ್ಟು? ಶಾಲೆಯಲ್ಲಿ ಕಲಿಸುವ ಉಪಾಯ ಹೀಗಿದೆ. ಒಟ್ಟು ಮೊತ್ತ S ಆಗಿರಲಿ. ಮೊದಲ 10ನ್ನು ಬಿಟ್ಟರೆ ಉಳಿದದ್ದು ಇಡೀ ಮೊತ್ತದ ಹತ್ತನೇ ಒಂದು ಭಾಗವೇ. ಆದ್ದರಿಂದ S = 10 + S/10, ಅಂದರೆ S = 100/9, ಹನ್ನೊಂದೂ ಒಂಬತ್ತನೇ ಒಂದು ಸೆಕೆಂಡ್. ನೂರು ಮೀಟರಿನ ಅಂತರವನ್ನು ವೇಗಗಳ ವ್ಯತ್ಯಾಸವಾದ 9ರಿಂದ ಭಾಗಿಸಿದರೂ ಇದೇ ಉತ್ತರ.

ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆಮೆಯ ವೇಗ ಸೆಕೆಂಡಿಗೆ 20 ಮೀಟರ್ ಎಂದು ಮಾಡಿ ನೋಡಿ. ಹಂತಗಳು 10, 20, 40, 80 ಸೆಕೆಂಡ್ ಆಗುತ್ತವೆ, ಮೊತ್ತಕ್ಕೆ ಕೊನೆಯೇ ಇಲ್ಲ. ಅದೇ ಉಪಾಯ ಮಾತ್ರ S = 10 + 2S ಎಂದು ಬರೆದು S = −10 ಎಂಬ ಉತ್ತರವನ್ನು ನೆಮ್ಮದಿಯಾಗಿ ಕೊಡುತ್ತದೆ. ಇದು ಶುದ್ಧ ಅಸಂಬದ್ಧವೂ ಅಲ್ಲ: ಇಬ್ಬರೂ ಮೊದಲಿನಿಂದಲೇ ಇದೇ ವೇಗದಲ್ಲಿ ಓಡುತ್ತಿದ್ದರೆ, ಪಂದ್ಯ ಶುರುವಾಗುವ ಹತ್ತು ಸೆಕೆಂಡ್ ಮುಂಚೆ ಅವರು ಒಂದೇ ಜಾಗದಲ್ಲಿ ಇರುತ್ತಿದ್ದರು. ಆದರೂ ಧನ ಸಂಖ್ಯೆಗಳನ್ನು ಕೂಡಿ ಋಣ ಸಂಖ್ಯೆ ಬಂದರೆ ಅದನ್ನು ಮೊತ್ತ ಎನ್ನಲಾಗದು. ಮೊತ್ತವೊಂದು ಇದೆ ಎಂದು ಮೊದಲೇ ಒಪ್ಪಿಕೊಂಡು S ಎಂದು ಹೆಸರಿಟ್ಟದ್ದೇ ಎಡವಟ್ಟು.

ಗಟ್ಟಿಯಾದ ದಾರಿ ಬೇರೆ. ಕೂಡಿದ್ದನ್ನು ನೋಡುವ ಬದಲು ಕೂಡಲು ಉಳಿದಿರುವುದನ್ನು ನೋಡಬೇಕು. 100/9ರಿಂದ ಮೊದಲ ಹಂತದ 10ನ್ನು ಕಳೆದರೆ ಉಳಿಯುವುದು 10/9, ಆ ಹಂತದ ಒಂಬತ್ತನೇ ಒಂದು ಭಾಗ. ಎರಡನೆಯ ಹಂತದ 1ನ್ನೂ ಕಳೆದರೆ 1/9, ಮತ್ತೆ ಆ ಹಂತದ ಒಂಬತ್ತನೇ ಒಂದು. ಎಲ್ಲಿ ನಿಲ್ಲಿಸಿದರೂ ಹೀಗೇ. ಹಂತ ಎಷ್ಟು ಬೇಕಾದರೂ ಕಿರಿದಾಗುವುದರಿಂದ ಉಳಿಕೆಯೂ ಎಷ್ಟು ಬೇಕಾದರೂ ಕಿರಿದಾಗುತ್ತದೆ, ಆದರೆ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಮೊತ್ತ 100/9ನ್ನು ದಾಟದು, ಅದಕ್ಕಿಂತ ಕಡಿಮೆಯಾದ ಯಾವ ಸಂಖ್ಯೆಯಲ್ಲೂ ನಿಲ್ಲದು. ‘ಅನಂತ ಪದಗಳ ಮೊತ್ತ’ ಎಂದಾಗ ಗಣಿತ ಹೇಳುವುದು ಇಷ್ಟನ್ನೇ. ಕೂತು ಎಲ್ಲವನ್ನೂ ಕೂಡಿ ಮುಗಿಸಿದರು ಎಂದು ಅದರ ಅರ್ಥವಲ್ಲ.

ಯುರೋಪಿನಲ್ಲಿ ಈ ಅರ್ಥವನ್ನು ಬಿಗಿಯಾಗಿ ಕಟ್ಟಿಕೊಟ್ಟವನು 1821ರಲ್ಲಿ ಪಠ್ಯಪುಸ್ತಕ ಬರೆದ ಫ್ರೆಂಚ್ ಗಣಿತಜ್ಞ ಕೋಶಿ. ಆದರೆ ಉಳಿಕೆಯನ್ನು ಹಿಡಿದು ಹೋಗುವ ಈ ದಾರಿಯಲ್ಲಿ ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಕೇರಳದ ನೀಲಕಂಠ ಸೋಮಯಾಜಿ ನಡೆದಿದ್ದರು. ಆರ್ಯಭಟೀಯದ ಭಾಷ್ಯದಲ್ಲಿ ಅವರಿಗೆ 1/4, 1/16, 1/64 ಎಂದು ಮುಂದುವರಿಯುವ ಪದಗಳ ಮೊತ್ತ ಬೇಕಾಗಿತ್ತು, ಉತ್ತರ 1/3. ಈ ಮೊತ್ತ ಅಷ್ಟರವರೆಗೆ ಬೆಳೆಯುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ ಎಂದು ಹೇಗೆ ಗೊತ್ತು ಎಂದು ಅವರು ತಾವೇ ಪ್ರಶ್ನೆ ಹಾಕಿಕೊಳ್ಳುತ್ತಾರೆ. 1/3ರಿಂದ 1/4ನ್ನು ಕಳೆದರೆ 1/12, ಅಂದರೆ 1/4ರ ಮೂರನೇ ಒಂದು. 1/16ನ್ನೂ ಕಳೆದರೆ 1/48, ಅಂದರೆ 1/16ರ ಮೂರನೇ ಒಂದು. ನಮ್ಮ ಓಟದ ಒಂಬತ್ತನೇ ಒಂದಿನ ಜಾಗದಲ್ಲಿ ಅವರದು ಮೂರನೇ ಒಂದು, ಅಷ್ಟೇ ವ್ಯತ್ಯಾಸ.

ಹಾಗಾದರೆ ಹಂತಗಳು ಕಿರಿದಾಗುತ್ತ ಹೋದರೆ ಸಾಕೇ? ಸಾಲದು. ಹೆಚ್ಚಿನವರು ಎಡವುವುದು ಇಲ್ಲಿ. ಇನ್ನೊಂದು ಪಂದ್ಯ ಕಟ್ಟೋಣ. ಅಂತರಗಳು ಮೊದಲಿನಂತೆಯೇ 100, 10, 1 ಮೀಟರ್. ಆದರೆ ಅಕಿಲಿಸ್ ದಣಿಯುತ್ತ ಹೋಗುತ್ತಾನೆ, ಆಮೆಯೂ ಅದೇ ಪ್ರಮಾಣದಲ್ಲಿ ದಣಿಯುತ್ತದೆ. ಯಾವ ಗಳಿಗೆಯಲ್ಲೂ ಅವನದು ಆಮೆಯ ಹತ್ತರಷ್ಟು ವೇಗವೇ. ಮೊದಲ ಹಂತಕ್ಕೆ 1 ನಿಮಿಷ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ನಾಲ್ಕನೆಯದಕ್ಕೆ ಕಾಲು ನಿಮಿಷ ಹಿಡಿಯುತ್ತದೆ ಎನ್ನಿ.

ಪದಗಳು ಸೊನ್ನೆಯತ್ತ ಇಳಿಯುತ್ತಿವೆ, ಆದರೂ ಈ ಮೊತ್ತಕ್ಕೆ ಮಿತಿ ಇಲ್ಲ. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕೂ ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟು, ಅದರ ಮುಂದಿನ ಹದಿನಾರು, ಪ್ರತಿ ಗುಂಪೂ ಅರ್ಧ ನಿಮಿಷಕ್ಕಿಂತ ಹೆಚ್ಚನ್ನೇ ಸೇರಿಸುತ್ತದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೊಲ್ ಒರೆಮ್ ಕೊಟ್ಟ ಸಾಧನೆ ಇದು. ಹಂತಗಳು ಒಂದು ಸ್ಥಿರ ಅನುಪಾತದಲ್ಲಿ, ಅದೂ ಒಂದಕ್ಕಿಂತ ಕಡಿಮೆಯ ಅನುಪಾತದಲ್ಲಿ ಇಳಿದರೆ ಮೊತ್ತ ಖಂಡಿತ ನಿಲ್ಲುತ್ತದೆ. ಇಲ್ಲಿ ಆ ಅನುಪಾತ 1/2, 2/3, 3/4 ಎಂದು ಒಂದರ ಕಡೆಗೇ ತೆವಳುತ್ತದೆ.

ಕೋಷ್ಟಕ ಹಾಕಿ ನೋಡುವವರಿಗೆ ಇದು ಸುಲಭವಾಗಿ ಮೋಸ ಮಾಡುತ್ತದೆ. ಸಾವಿರ ಹಂತ ಕೂಡಿದರೂ ಏಳೂವರೆ ನಿಮಿಷ, ಹತ್ತು ಲಕ್ಷ ಹಂತಕ್ಕೆ ಹದಿನಾಲ್ಕೂವರೆಗೂ ಕಡಿಮೆ. ಇನ್ನೇನು ನಿಂತಿತು ಎನ್ನಿಸುತ್ತದೆ, ನಿಲ್ಲುವುದಿಲ್ಲ. ಹನ್ನೆರಡನೇ ಹಂತ ಮುಗಿಯುವಾಗ, ಅಂದರೆ ಮೂರು ನಿಮಿಷ ದಾಟುತ್ತಿದ್ದಂತೆ, ಇಬ್ಬರ ನಡುವಿನ ಅಂತರ ಒಂದು ಪರಮಾಣುವಿನಷ್ಟೇ. ನಿಜವಾದ ಮೈದಾನದಲ್ಲಿ ಅದನ್ನು ಅಳೆಯುವ ಮಾತೇ ಇಲ್ಲ, ತೀರ್ಪುಗಾರ ಶಿಳ್ಳೆ ಊದಿ ಮನೆಗೆ ಹೋಗಿರುತ್ತಾನೆ. ಲೆಕ್ಕದ ಗೆರೆಯ ಮೇಲೆ ಮಾತ್ರ ಈ ಓಟದಲ್ಲಿ ಝೀನೊ ಹೇಳಿದ್ದೇ ಸರಿ: ಅಕಿಲಿಸ್ ಆಮೆಯನ್ನು ಎಂದಿಗೂ ಹಿಡಿಯುವುದಿಲ್ಲ.