ಪಾಲಿಸಿ ಬೇಡವಾದರೆ

ಕಂಪ್ಲಿಯ ಅಕ್ಕ ಒಬ್ಬರು ಜೀವವಿಮೆಗೆ 6000 ರೂಪಾಯಿ ಕಟ್ಟಿದರು ಅನ್ನಿ. ಒಂದೇ ಕಂತು ಅಂದಿದ್ದ ಏಜೆಂಟ್. ಬಾಂಡ್ ಓದಿಸಿದರೆ, 15 ವರ್ಷ ಕಟ್ಟಬೇಕಂತೆ!

ಹೆದರಬೇಡಿ ಅಕ್ಕ. ಬಾಂಡ್ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡ ಅನ್ನಬಹುದು. ಇದಕ್ಕೆ ಫ್ರೀ ಲುಕ್ ಅಂತಾರೆ. ಬಾಂಡ್ ಬಂದ ಲಕೋಟೆ ಎಸೆಯಬೇಡಿ. ಅದರ ಮೇಲೆ ತಾರೀಖು ಇರುತ್ತೆ.

ಏಜೆಂಟ್ "ಮುಂದಿನ ತಿಂಗಳು ನೋಡೋಣ" ಅಂದರೆ ಕಾಯಬೇಡಿ, ದಿನ ಮುಗಿದುಹೋಗುತ್ತೆ. ಹೊಸಪೇಟೆಯಲ್ಲಿ ಆ ಕಂಪನಿಯ ಶಾಖೆ ಇದ್ದರೆ ನೀವೇ ಹೋಗಿ. ಪಾಲಿಸಿ ನಂಬರು, ಬೇಡವೆನ್ನುವ ಕಾರಣ ಬರೆದು ಅರ್ಜಿ ಕೊಡಿ. ಜೊತೆಗೆ ಬಾಂಡ್, ಪಾಸ್‌ಬುಕ್ ಜೆರಾಕ್ಸ್ ಇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಕಟ್ಟಿದ್ದೆಲ್ಲ ವಾಪಸ್ ಬರೋದಿಲ್ಲ. ವಿಮೆ ಇದ್ದ ಅಷ್ಟು ದಿನದ ಪಾಲು, ಸ್ಟಾಂಪ್ ಖರ್ಚು, ಡಾಕ್ಟರ್ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಹಿಡೀತಾರೆ. 200 ರೂಪಾಯಿ ಹಿಡಿದರೆ 5800 ಬರುತ್ತೆ. ಅರ್ಜಿ ಮುಟ್ಟಿದ 7 ದಿನದೊಳಗೆ ಕಂಪನಿ ಅದನ್ನು ಕೊಡಬೇಕು.