ಖಾಲಿ ಬೈಪಾಸಿನ ಲೆಕ್ಕ

ಊರೊಂದನ್ನು ದಾಟಲು ಎರಡು ದಾರಿಗಳಿವೆ ಅಂದುಕೊಳ್ಳಿ. ಊರೊಳಗಿನ ರಸ್ತೆ ಖಾಲಿಯಿದ್ದರೆ 15 ನಿಮಿಷ ಸಾಕು, ಆದರೆ ಗಂಟೆಗೆ 100 ಗಾಡಿ ಹೆಚ್ಚಾದಂತೆಲ್ಲ ಆ ದಾರಿಯಲ್ಲಿರುವ ಎಲ್ಲರಿಗೂ ಒಂದೊಂದು ನಿಮಿಷ ಏರುತ್ತದೆ. ಬೈಪಾಸ್ ಉದ್ದ ಜಾಸ್ತಿ, ಖಾಲಿಯಿದ್ದರೂ 30 ನಿಮಿಷ. ಅಗಲವಾಗಿರುವುದರಿಂದ ಒಂದು ನಿಮಿಷ ಏರಲು 200 ಗಾಡಿ ಬೇಕು.

ಗಂಟೆಗೆ 3000 ಗಾಡಿ ಬಂದರೆ 2000 ಊರೊಳಗೆ, 1000 ಬೈಪಾಸಿಗೆ ಹೋಗುತ್ತವೆ. ಆಗ ಎರಡೂ ಕಡೆ 35 ನಿಮಿಷ. ದಾರಿ ಬದಲಿಸಿ ಯಾರಿಗೂ ಲಾಭವಿಲ್ಲ, ಹಾಗಾಗಿ ಹಂಚಿಕೆ ಅಲ್ಲಿಗೇ ನಿಲ್ಲುತ್ತದೆ. ಇಂಗ್ಲೆಂಡಿನ ವಾರ್ಡ್ರಾಪ್ 1952ರಲ್ಲಿ ಇದನ್ನೊಂದು ತತ್ವವಾಗಿ ಬರೆದಿಟ್ಟರು. ಒಟ್ಟು ಸಮಯ ಅತಿ ಕಡಿಮೆಯಾಗುವ ಹಂಚಿಕೆ ಬೇರೆಯೇ ಎಂಬುದನ್ನೂ ಜೊತೆಗೇ ಹೇಳಿದರು.

ಬೇರೆ ಏಕೆ? ಊರೊಳಗೆ ಹೊಸದಾಗಿ ನುಗ್ಗುವವನು ತನ್ನ 35 ನಿಮಿಷವನ್ನಷ್ಟೇ ಎಣಿಸುತ್ತಾನೆ. ಅವನಿಂದ ಅಲ್ಲಿನ 2000 ಜನರಿಗೆ ತಲಾ ನಿಮಿಷದ ನೂರನೇ ಒಂದು ಭಾಗ, ಅಂದರೆ ಒಟ್ಟು 20 ನಿಮಿಷ ನಷ್ಟ. ಅವನೇ ಬೈಪಾಸಿಗೆ ಹೋಗಿದ್ದರೆ ಉಳಿದವರಿಗಾಗುವ ನಷ್ಟ ಬರೀ 5 ನಿಮಿಷ. ಹೀಗೆ ಒಬ್ಬೊಬ್ಬರನ್ನೇ ಆಚೆಗೆ ಕಳಿಸುತ್ತಾ ಹೋದರೆ ತಲಾ 1500ಕ್ಕೆ ಬಂದು ಮುಟ್ಟುತ್ತೇವೆ. ಆಗ ಊರೊಳಗೆ 30 ನಿಮಿಷ, ಬೈಪಾಸಿನಲ್ಲಿ ಮೂವತ್ತೇಳೂವರೆ. ಎಲ್ಲರದೂ ಸೇರಿ 3750 ನಿಮಿಷ ಉಳಿಯುತ್ತದೆ. ಆದರೆ ಬೈಪಾಸಿನಲ್ಲಿರುವವನು ಸುಮ್ಮನಿರುತ್ತಾನೆಯೇ? ಮರುದಿನವೇ ಊರೊಳಗೆ ತಿರುಗಿಸುತ್ತಾನೆ.

ಟೋಲ್ ಹಾಕಿ ಎಂದು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಇಂಥದೇ ಎರಡು ರಸ್ತೆಗಳ ಉದಾಹರಣೆ ಕೊಟ್ಟಿದ್ದರು. ಏಳೂವರೆ ನಿಮಿಷದ ಬೆಲೆಯ ಟೋಲನ್ನು ಊರೊಳಗೆ ವಸೂಲು ಮಾಡಿದರೆ ಹಂಚಿಕೆ ಸರಿಹೋಗುತ್ತದೆ. ಆದರೆ ಜನ ಗೊಣಗುವುದರಲ್ಲಿ ಅರ್ಥವಿದೆ. ಸಮಯ, ದುಡ್ಡು ಎರಡನ್ನೂ ಸೇರಿಸಿದರೆ ಈಗ ಪ್ರತಿಯೊಬ್ಬರಿಗೂ ತಗಲುವುದು ಮೂವತ್ತೇಳೂವರೆ, ಮೊದಲಿದ್ದದ್ದು 35. ಟೋಲ್ ಹಣವನ್ನು ಎಲ್ಲ 3000 ಮಂದಿಗೂ ಸಮನಾಗಿ ಹಿಂತಿರುಗಿಸಿದರೆ ಮಾತ್ರ ಅದು ಮೂವತ್ತಮೂರೂ ಮುಕ್ಕಾಲಿಗೆ ಇಳಿದು, ಎಲ್ಲರಿಗೂ ಲಾಭ. ಹಣ ಖಜಾನೆಯಲ್ಲೇ ಉಳಿದರೆ ಚಾಲಕನ ಪಾಲಿಗೆ ಇದು ನಷ್ಟದ ಬಾಬತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಕುತೂಹಲಕರ ಅನ್ನಿಸುತ್ತದೆ. ಗಂಟೆಗೆ 1500 ಗಾಡಿ ಮಾತ್ರ ಇರುವ ಹೊತ್ತಿನಲ್ಲಿ ಎಲ್ಲರೂ ಊರೊಳಗೇ ಹೋಗುತ್ತಾರೆ. 30 ನಿಮಿಷ ಹಿಡಿಯುತ್ತದೆ, ಬೈಪಾಸ್ ಪೂರ್ತಿ ಖಾಲಿ. ಅವರಲ್ಲಿ 500 ಮಂದಿ ಬೈಪಾಸಿಗೆ ಹೋದರೆ ಊರೊಳಗೆ 25, ಬೈಪಾಸಿನಲ್ಲಿ ಮೂವತ್ತೆರಡೂವರೆ ನಿಮಿಷ. ಉಳಿತಾಯ ಇಲ್ಲೂ ಅದೇ 3750. ದಟ್ಟಣೆ ಅರ್ಧದಷ್ಟಿದ್ದರೂ ಪೋಲು ಅಷ್ಟೇ! ಒಟ್ಟು ಸಮಯಕ್ಕೆ ಹೋಲಿಸಿದರೆ 3000 ಗಾಡಿಗಳ ಹೊತ್ತಿನಲ್ಲಿ ನಷ್ಟ ನೂರಕ್ಕೆ ಮೂರೂವರೆ, ಇಲ್ಲಿ ಎಂಟಕ್ಕೂ ಹೆಚ್ಚು. ನಿಜವಾದ ರಸ್ತೆಗಳಲ್ಲಿ ಸಮಯ ಹೀಗೆ ಒಂದೇ ಹದದಲ್ಲಿ ಏರುವುದಿಲ್ಲ, ರಸ್ತೆ ತುಂಬುತ್ತಾ ಬಂದಂತೆ ದಿಢೀರನೆ ಜಿಗಿಯುತ್ತದೆ. ಆದ್ದರಿಂದ ಈ ಅಂಕಿಗಳನ್ನು ಯಾವ ಊರಿಗೂ ನೇರವಾಗಿ ಅನ್ವಯಿಸಲಾಗದು. ಆದರೂ ಟೋಲಿನ ವೇಳಾಪಟ್ಟಿ ಬರೆಯುವವರು ಸಂಜೆಯ ಜಾಮನ್ನು ಮಾತ್ರವಲ್ಲ, ಬೈಪಾಸ್ ಖಾಲಿ ಬಿದ್ದಿರುವ ನಡುಹಗಲನ್ನೂ ಅಳೆದು ನೋಡಬೇಕಾಗುತ್ತದೆ.